ಕೊರಿಯರ್‌ನಲ್ಲಿ ಸಾಮಾನು ಕಳೆದರೆ, ಒಡೆದರೆ: ಯಾವ ದಾರಿಯಲ್ಲಿ ಕ್ಲೈಮ್ ಮಾಡಬೇಕು?

"ಪಾರ್ಸೆಲ್ ಕಳೆದುಹೋಗಿದೆ. ಕೊರಿಯರ್‌ನವರು ಸಾವಿರ ರೂಪಾಯಿ ಕೊಡ್ತೀವಿ ಅಂತಿದ್ದಾರೆ. ತಗೊಂಡು ಸುಮ್ನಾಗಲಾ, ಕನ್ಸ್ಯೂಮರ್ ಕೋರ್ಟಿಗೆ ಹೋಗಲಾ?" ಅಂಗಡಿಯ ಡಿಸ್ಪ್ಯಾಚ್ ಕೆಲಸ ನೋಡಿಕೊಳ್ಳುವ ನನಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇನ್ನು ಕೆಲವರು ವಿಮೆ ಮಾಡಿಸಿರುತ್ತಾರೆ, ಆದರೆ ಮೊದಲು ಯಾರನ್ನು ಕೇಳಬೇಕು ಅಂತ ತಿಳಿದಿರುವುದಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದವರದ್ದು ಬೇರೆಯೇ ಕಥೆ.

ಈ ದಾರಿಗಳನ್ನು ಒಂದೊಂದಾಗಿ ಹೋಲಿಸಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ಎಷ್ಟು ಹಣ ವಾಪಸ್ ಬರುತ್ತದೆ ಅನ್ನುವುದು ಬಹುಪಾಲು ಬುಕಿಂಗ್ ಕೌಂಟರ್‌ನಲ್ಲೇ ತೀರ್ಮಾನವಾಗಿರುತ್ತದೆ. ಬರುತ್ತದೋ ಇಲ್ಲವೋ ಅನ್ನುವುದು ಪಾರ್ಸೆಲ್ ಕೈಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಯಾವ ದಾರಿ ಹಿಡಿದರೂ ಇವೆರಡರ ಮೇಲೆಯೇ ನಿಲ್ಲಬೇಕು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಹಣದ ಮಿತಿ. ಆ ದಾರಿಯಲ್ಲಿ ಹೆಚ್ಚೆಂದರೆ ಎಷ್ಟು ಸಿಗಬಹುದು? ಎರಡನೆಯದು ಪುರಾವೆ. ಅವರು ಕೇಳುವ ಕಾಗದ, ಫೋಟೋ ನಿಮ್ಮ ಹತ್ತಿರ ಇದೆಯಾ? ಮೂರನೆಯದು ಗಡುವು. ನಾಲ್ಕನೆಯದನ್ನು ಜನ ಮರೆಯುವುದೇ ಜಾಸ್ತಿ: ಕ್ಲೈಮ್ ಮಾಡಬೇಕಾದವರು ಯಾರು?

ಕೊರಿಯರ್ ಕಂಪನಿ ಒಪ್ಪಂದ ಮಾಡಿಕೊಳ್ಳುವುದು ಕಳಿಸಿದವರ ಜೊತೆ. ಆದ್ದರಿಂದ ಕ್ಲೈಮ್ ಸಾಮಾನ್ಯವಾಗಿ ಅವರ ಹೆಸರಿನಲ್ಲೇ ಹೋಗಬೇಕು. ನೀವು ಆನ್‌ಲೈನ್‌ನಲ್ಲಿ ಕೊಂಡ ಮಿಕ್ಸಿ ಒಡೆದು ಬಂದರೆ ಕೊರಿಯರ್‌ನವರ ಹಿಂದೆ ಅಲೆಯಬೇಡಿ. ನೀವು ದುಡ್ಡು ಕೊಟ್ಟಿದ್ದು ಮಾರಿದವರಿಗೆ, ಸರಿಪಡಿಸಿ ಕೊಡಬೇಕಾದವರೂ ಅವರೇ. ಕೊರಿಯರ್ ಜೊತೆ ಅವರು ಲೆಕ್ಕ ಮಾಡಿಕೊಳ್ಳಲಿ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಳಕಲ್‌ನ ಒಂದು ಚಿಕ್ಕ ಸೀರೆ ಅಂಗಡಿಯಿಂದ ಪುಣೆಯ ಗಿರಾಕಿಗೆ ಆರು ಸೀರೆ ಹೊರಟಿವೆ. ಒಂದಕ್ಕೆ 3,200 ರೂಪಾಯಿ, ಒಟ್ಟು 19,200. ಒಂದೊಂದು ಸೀರೆ ಸುಮಾರು 550 ಗ್ರಾಂ. ಡಬ್ಬ, ಪ್ಲಾಸ್ಟಿಕ್ ಎಲ್ಲ ಸೇರಿ ಬುಕಿಂಗ್‌ನಲ್ಲಿ ತೂಕ 3.7 ಕೆಜಿ ಬಂದಿದೆ. ಕೊರಿಯರ್ ಚಾರ್ಜ್ 420 ರೂಪಾಯಿ. ಪುಣೆಯಲ್ಲಿ ಬಾಕ್ಸ್ ಬಂದಾಗ ಒಂದು ಬದಿಯ ಟೇಪ್ ಮೇಲೆ ಬೇರೆ ಬಣ್ಣದ ಟೇಪ್ ಅಂಟಿಸಿದ್ದಾರೆ. ಒಳಗೆ ನಾಲ್ಕೇ ಸೀರೆ ಇವೆ. ನಷ್ಟ 6,400 ರೂಪಾಯಿ.

ಮೊದಲ ದಾರಿ: ಕೊರಿಯರ್ ಕಂಪನಿಗೇ ಕ್ಲೈಮ್

ಬೇರೆ ಯಾವ ದಾರಿ ಹಿಡಿಯುವುದಿದ್ದರೂ ಇದನ್ನು ಬಿಡುವಂತಿಲ್ಲ. ವಿಮೆಯವರೂ ಗ್ರಾಹಕರ ಆಯೋಗದವರೂ ಕೇಳುವ ಮೊದಲ ಪ್ರಶ್ನೆ "ಕೊರಿಯರ್‌ಗೆ ಬರವಣಿಗೆಯಲ್ಲಿ ತಿಳಿಸಿದ್ರಾ?" ಅಂತಲೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ಳಿ, ಅದೇ ದಿನ ಇಮೇಲ್ ಕೂಡ ಕಳಿಸಿ.

ಇಲ್ಲಿನ ತೊಂದರೆ ಹಣದ ಮಿತಿ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಕಂಪನಿಯ ಹೊಣೆ ಇಷ್ಟೇ ಅಂತ ಅಚ್ಚಾಗಿರುತ್ತದೆ. ಕೆಲವರದ್ದು ನೂರು ರೂಪಾಯಿ, ಕೆಲವರದ್ದು ಕೆಲವು ಸಾವಿರ. ಕಾಗದಪತ್ರಕ್ಕೆ ಒಂದು, ಸಾಮಾನಿಗೆ ಇನ್ನೊಂದು. ನಮ್ಮ ಉದಾಹರಣೆಯಲ್ಲಿ ಅದು 1,000 ರೂಪಾಯಿ ಅಂದುಕೊಳ್ಳಿ. "ರೂಲ್ಸ್ ಪ್ರಕಾರ ಇಷ್ಟೇ" ಅಂತ ಬರುವ ಉತ್ತರ ಈ ಸಾಲಿನಿಂದಲೇ ಹುಟ್ಟಿದ್ದು.

ಆದರೆ ಸರ್ಕಾರದ ರೂಲ್ಸ್ ಬೇರೆ ಇದೆ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ರಸ್ತೆಯಲ್ಲಿ ಸಾಮಾನು ಸಾಗಿಸುವವರಿಗೆ ಅನ್ವಯಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ಮನೆ ಬಾಗಿಲಿಗೆ ತಲುಪಿಸುವ ಕೊರಿಯರ್ ಏಜೆನ್ಸಿಯನ್ನೂ ಸೇರಿಸಿದ್ದಾರೆ. 2011ರ ನಿಯಮಗಳ ಪ್ರಕಾರ, ಕಂಪನಿಯ ಹೊಣೆ ಏರಿಸಲು ಬುಕಿಂಗ್‌ನಲ್ಲೇ ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ ಹೊಣೆಯ ಮಿತಿ ಸಾಗಾಣಿಕೆ ಚಾರ್ಜಿನ ಹತ್ತು ಪಟ್ಟು. ಆದರೆ ಅದು ಬುಕಿಂಗ್‌ನಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. 420ರ ಹತ್ತು ಪಟ್ಟು ಅಂದರೆ 4,200 ರೂಪಾಯಿ. ಸಾವಿರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕ್ಲೈಮ್ ಪತ್ರದಲ್ಲಿ ಕಾಯ್ದೆಯ ಹೆಸರು ಹಾಕಿ ಪೂರ್ತಿ ನಷ್ಟ ಕೇಳಿ. ಅವರು ಮಿತಿಯ ಮಾತು ಎತ್ತಿದರೆ ಕಡೇಪಕ್ಷ ಈ ಹತ್ತು ಪಟ್ಟಿನ ಲೆಕ್ಕವನ್ನು ಮುಂದಿಡಿ.

"ಬರೆಸಿದ ಬೆಲೆ" ಎಷ್ಟು ಮುಖ್ಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಚಾರ್ಜ್ ಉಳಿಸಲು 19,200ರ ಸೀರೆಗೆ "ಬೆಲೆ 500" ಅಂತ ಬರೆಸುವವರು ತುಂಬಾ ಜನ ಇದ್ದಾರೆ. ಆಮೇಲೆ ಬಿಲ್ ತೋರಿಸಿದರೂ ಕಂಪನಿ ಆ 500ನ್ನೇ ಹಿಡಿದುಕೊಳ್ಳುತ್ತದೆ, ಕಾನೂನೂ ಅವರ ಕಡೆಗೇ ವಾಲುತ್ತದೆ.

ಗಡುವಿನ ವಿಷಯದಲ್ಲೂ ಹೀಗೆ ಎರಡು ಲೆಕ್ಕ ಇವೆ. ಕಂಪನಿಗಳು ತಮ್ಮದೇ ಗಡುವು ಹಾಕುತ್ತವೆ. ಒಡೆದಿದ್ದಕ್ಕೆ ಒಂದೆರಡು ದಿನ ಅಥವಾ ವಾರ, ಕಳೆದದ್ದಕ್ಕೆ ಸ್ವಲ್ಪ ಜಾಸ್ತಿ. ಅದರೊಳಗೇ ಕಳಿಸಲು ನೋಡಿ. ಮೀರಿದರೂ ಕೈಬಿಡಬೇಡಿ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮೊಕದ್ದಮೆ ಹೂಡುವ ಮೊದಲು ಬರವಣಿಗೆಯ ನೋಟಿಸ್ ಕೊಡಬೇಕು, ಅದೂ ಬುಕಿಂಗ್ ಮಾಡಿದ ದಿನದಿಂದ 180 ದಿನದೊಳಗೆ. ಡೆಲಿವರಿ ದಿನದಿಂದ ಅಲ್ಲ, ಬುಕಿಂಗ್ ದಿನದಿಂದ. "ಹುಡುಕ್ತಾ ಇದೀವಿ ಸರ್, ಇನ್ನೊಂದು ವಾರ" ಅಂತ ಕೇಳಿಸಿಕೊಳ್ಳುತ್ತಾ ಕೂತರೆ ಈ ಆರು ತಿಂಗಳು ಹೇಗೆ ಕಳೆಯಿತು ಅಂತಲೇ ತಿಳಿಯುವುದಿಲ್ಲ.

ಪತ್ರ ಉದ್ದ ಇರಬೇಕಿಲ್ಲ. ಇಳಕಲ್‌ನ ಅಂಗಡಿಯವರು ಹೀಗೆ ಬರೆದರೆ ಸಾಕು:

"ಡಾಕೆಟ್ ನಂಬರ್ ____, ಬುಕಿಂಗ್ ದಿನಾಂಕ ____, ಇಳಕಲ್‌ನಿಂದ ಪುಣೆಗೆ. ಆರು ಸೀರೆ, ಬರೆಸಿದ ಬೆಲೆ ರೂ. 19,200, ಬುಕಿಂಗ್ ತೂಕ 3.7 ಕೆಜಿ. ____ ದಿನಾಂಕದಂದು ಡೆಲಿವರಿ ಆದಾಗ ತೂಕ 2.6 ಕೆಜಿ ಇತ್ತು, ಬಾಕ್ಸಿಗೆ ಮತ್ತೆ ಟೇಪ್ ಹಾಕಲಾಗಿತ್ತು, ಎರಡು ಸೀರೆ ಇರಲಿಲ್ಲ. ನಷ್ಟ ರೂ. 6,400. ಇದನ್ನು ಕ್ಯಾರೇಜ್ ಬೈ ರೋಡ್ ಕಾಯ್ದೆ 2007ರ 16ನೇ ಸೆಕ್ಷನ್ ಪ್ರಕಾರದ ನೋಟಿಸ್ ಎಂದೂ ಪರಿಗಣಿಸಬೇಕು. ಬಿಲ್, ರಸೀದಿ, ಫೋಟೋ, ವಿಡಿಯೋ ಲಗತ್ತಿಸಿದೆ. 15 ದಿನದೊಳಗೆ ಉತ್ತರ ಕೊಡಿ."

ಇಮೇಲ್ ಜೊತೆಗೆ ಇದರ ಒಂದು ಪ್ರತಿಯನ್ನು ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಬ್ರಾಂಚ್‌ನವರ ಕೈಗೆ ಕೊಟ್ಟರೆ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

ಯಾವ ಪುರಾವೆ ಬೇಕು

ಇದು ಎಲ್ಲ ದಾರಿಗೂ ಬೇಕಾದದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬುಕಿಂಗ್ ರಸೀದಿ ಮೊದಲನೆಯದು. ಅದರಲ್ಲಿ ತೂಕ, ಬರೆಸಿದ ಬೆಲೆ, ಸಾಮಾನಿನ ವಿವರ, ರಿಸ್ಕ್ ಚಾರ್ಜ್ ಕಟ್ಟಿದ್ದರೆ ಅದು ಇವೆಲ್ಲ ಇರಬೇಕು. ಲಾರಿ ಪಾರ್ಸೆಲ್ ಆಫೀಸಿನಲ್ಲಾದರೆ ಇದೇ ಎಲ್‌ಆರ್, ಅಂದರೆ ಲಾರಿ ರಸೀದಿಯ ಕಾಪಿ. ಥರ್ಮಲ್ ಪೇಪರ್‌ನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಬಂದ ದಿನವೇ ಫೋಟೋ ತೆಗೆದಿಡಿ.

ಎರಡನೆಯದು ಬೆಲೆಯ ಪುರಾವೆ. ಮಾರಾಟದ ಸಾಮಾನಾದರೆ ಬಿಲ್. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಕೈಕಸೂತಿಯ ಬಟ್ಟೆ ಇಂಥದ್ದಕ್ಕೆ ಬಿಲ್ ಇರುವುದಿಲ್ಲ, ಅಲ್ವಾ? ಆಗ ಗಿರಾಕಿಯ ಆರ್ಡರ್ ಮೆಸೇಜ್ ಮತ್ತು ಯುಪಿಐ ಪಾವತಿ ಎರಡನ್ನೂ ಜೋಡಿಸಿ ಕೊಡಿ. ಬಳಸಿದ ಲ್ಯಾಪ್‌ಟಾಪ್ ಕಳಿಸಿದ್ದರೆ ಹಳೆಯ ಬಿಲ್ ಸಾಕು, ಆದರೆ ಸವಕಳಿ ಕಳೆದೇ ಕೊಡುತ್ತಾರೆ. ಜಿಎಸ್‌ಟಿ ನೋಂದಣಿ ಇರುವವರು ಇನ್ನೊಂದು ಗಮನಿಸಿ. ಕಳೆದುಹೋದ ಸರಕಿನ ಮೇಲೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ತಗೊಂಡಿದ್ದರೆ ವಾಪಸ್ ಮಾಡಬೇಕು. ಆದ್ದರಿಂದ ನಷ್ಟದ ಲೆಕ್ಕದಲ್ಲಿ ಆ ತೆರಿಗೆಯನ್ನು ಬಿಡಬೇಡಿ.

ಮೂರನೆಯದು ಪ್ಯಾಕಿಂಗ್. ಒಡೆದ ಸಾಮಾನಿನ ಕ್ಲೈಮ್ ತಿರಸ್ಕರಿಸಲು ಕಂಪನಿಗಳು ಮುಂದಿಡುವ ಮಾಮೂಲಿ ಕಾರಣ "ಪ್ಯಾಕಿಂಗ್ ಸರಿ ಇರಲಿಲ್ಲ" ಅನ್ನುವುದು. ಬಾಕ್ಸ್ ಮುಚ್ಚುವ ಮೊದಲು ಒಳಗಿನದ್ದು ಕಾಣುವ ಹಾಗೆ ಒಂದು ಫೋಟೋ, ಮುಚ್ಚಿದ ಮೇಲೆ ಲೇಬಲ್ ಜೊತೆ ಒಂದು, ತಕ್ಕಡಿಯ ಮೇಲಿಟ್ಟು ಒಂದು. ಮೂರು ಫೋಟೋಗೆ ಒಂದು ನಿಮಿಷ ಹಿಡಿಯಬಹುದು.

ನಾಲ್ಕನೆಯದು ಡೆಲಿವರಿ ಹೊತ್ತಿನ ಪುರಾವೆ. ಜನ ಸೋಲುವುದು ಇಲ್ಲೇ. ಡೆಲಿವರಿ ಹುಡುಗ ಅವಸರದಲ್ಲಿರುತ್ತಾನೆ, ಒಟಿಪಿ ಕೇಳುತ್ತಾನೆ, ನಾವು ಹೇಳಿಬಿಡುತ್ತೇವೆ. ಒಟಿಪಿ ಕೊಟ್ಟರೆ, ಪಿಒಡಿ ಅನ್ನುವ ಡೆಲಿವರಿ ರಸೀದಿಯ ಮೇಲೆ ಸುಮ್ಮನೆ ಸಹಿ ಹಾಕಿದರೆ, ಸಾಮಾನು ಸರಿಯಾಗಿ ಮುಟ್ಟಿದೆ ಅಂತ ದಾಖಲೆಯಾಗುತ್ತದೆ. ಅದಕ್ಕೆ ಮುಂಚೆ ಬಾಕ್ಸಿನ ಆರೂ ಬದಿ ನೋಡಿ. ಮೂಲೆ ಜಜ್ಜಿದೆಯಾ? ಒದ್ದೆ ಕಲೆ ಇದೆಯಾ? ಕಳಿಸಿದವರು ಹಾಕಿದ ಟೇಪ್ ಮೇಲೆ ಬೇರೆ ಟೇಪ್ ಬಿದ್ದಿದೆಯಾ? ಅನುಮಾನ ಬಂದರೆ "ಓಪನ್ ಡೆಲಿವರಿ ಕೊಡಿ" ಅಂತ ಕೇಳಿ. ಅಂದರೆ ಅವರ ಎದುರಿಗೇ ತೆರೆದು, ಒಳಗೆ ಏನಿದೆ, ಏನಿಲ್ಲ ಅಂತ ಬರೆದು, ಇಬ್ಬರೂ ಸಹಿ ಹಾಕುವುದು. ಅವರು ಒಪ್ಪದಿದ್ದರೆ ಪಿಒಡಿ ಮೇಲೆ "ಮರುಟೇಪ್ ಆಗಿದೆ, ತೂಕ 2.6 ಕೆಜಿ, ಒಳಗಿನದ್ದು ಪರೀಕ್ಷಿಸಿಲ್ಲ" ಅಂತ ಬರೆದೇ ಸಹಿ ಮಾಡಿ. ಕಾಗದವೇ ಇಲ್ಲ, ಬರೀ ಒಟಿಪಿ ಅಂದರೆ, ಬಾಕ್ಸ್ ಅವರ ಕೈಯಲ್ಲಿರುವಾಗಲೇ ಫೋಟೋ ತೆಗೆದು ಆ ನಿಮಿಷವೇ ಕಂಪನಿಗೆ ಮೆಸೇಜ್ ಹಾಕಿ.

ತೂಕದ ವಿಷಯ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. 3.7ರಲ್ಲಿ 2.6 ಕಳೆದರೆ 1.1 ಕೆಜಿ. ಎರಡು ಸೀರೆಯ ತೂಕ ಸರಿಯಾಗಿ ಅಷ್ಟೇ. "ನೀವೇ ನಾಲ್ಕು ಹಾಕಿರಬೇಕು" ಅನ್ನುವ ವಾದಕ್ಕೆ ಇಲ್ಲಿ ಜಾಗವಿಲ್ಲ. ಆರು ಸೀರೆಯ ತೂಕವನ್ನು ಅವರ ಮೆಷಿನ್ನೇ ಅವರ ರಸೀದಿಯಲ್ಲಿ ಬರೆದಿದೆ. ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಸಾಗಿಸುವವರ ಕಡೆಯ ನಿರ್ಲಕ್ಷ್ಯವನ್ನೋ ಕಳ್ಳತನವನ್ನೋ ನೀವು ಸಾಬೀತು ಮಾಡಬೇಕಾಗಿಲ್ಲ. ಅವರ ಕೈಯಲ್ಲಿದ್ದಾಗ ನಷ್ಟವಾಯಿತು ಅನ್ನುವುದು ಗೊತ್ತಾದರೆ ಸಾಕು. ಅದನ್ನು ತೋರಿಸಲು ತೂಕದಷ್ಟು ಗಟ್ಟಿ ಪುರಾವೆ ಬೇರೆ ಇಲ್ಲ.

ಬಾಕ್ಸ್ ತೆರೆಯುವಾಗ ವಿಡಿಯೋ ಮಾಡಿ. ಲೇಬಲ್‌ನಿಂದ ಶುರು ಮಾಡಿ, ಕೊನೆಯ ಸಾಮಾನು ಹೊರಗೆ ಬರುವವರೆಗೆ ನಿಲ್ಲಿಸದೆ, ಕತ್ತರಿಸದೆ. ಆಮೇಲೆ ಬಾಕ್ಸ್, ಥರ್ಮಾಕೋಲ್, ಒಡೆದ ಚೂರು ಯಾವುದನ್ನೂ ಎಸೆಯಬೇಡಿ. ನಷ್ಟ ಪರಿಶೀಲಿಸಲು ವಿಮೆಯವರು ಕಳಿಸುವ ಸರ್ವೇಯರ್ ಬಂದು ಕೇಳುವುದು ಅದನ್ನೇ.

ಪಾರ್ಸೆಲ್ ಬಂದೇ ಇಲ್ಲ ಅಂದರೆ ಪುರಾವೆ ಬೇರೆ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ತೆಗೆದಿಡಿ, ಕೆಲವು ತಿಂಗಳಾದ ಮೇಲೆ ಆ ಪುಟ ಸಿಗದೇ ಹೋಗಬಹುದು. "ಡೆಲಿವರ್ಡ್" ಅಂತ ತೋರಿಸುತ್ತಿದ್ದರೆ ಪಿಒಡಿ ಪ್ರತಿ ಕೇಳಿ. ಸಹಿ ಯಾರದ್ದು, ಒಟಿಪಿ ಯಾವ ನಂಬರ್‌ಗೆ ಹೋಯಿತು ಅಂತ ಕೇಳಿ. ಜೊತೆಗೆ, ಪಡೆಯಬೇಕಾದವರಿಂದ "ನನಗೆ ತಲುಪಿಲ್ಲ" ಅಂತ ಸಹಿ ಮಾಡಿದ ಪತ್ರ ಮತ್ತು ಅವರ ಗುರುತಿನ ಚೀಟಿಯ ಪ್ರತಿ ತರಿಸಿಕೊಳ್ಳಿ.

ಎರಡನೇ ದಾರಿ: ರಿಸ್ಕ್ ಕವರ್, ವಿಮೆ

ಬುಕಿಂಗ್‌ನಲ್ಲಿ "ಓನರ್ಸ್ ರಿಸ್ಕಾ, ಕ್ಯಾರಿಯರ್ಸ್ ರಿಸ್ಕಾ?" ಅಂತ ಕೇಳುತ್ತಾರೆ, ಅಥವಾ ಕೇಳದೇ ಓನರ್ಸ್ ರಿಸ್ಕ್ ಅಂತ ಟಿಕ್ ಹಾಕುತ್ತಾರೆ. ಓನರ್ಸ್ ಅಂದರೆ ಅಪಾಯ ನಿಮ್ಮದು. ಕ್ಯಾರಿಯರ್ಸ್ ಅಂದರೆ ಬೆಲೆಯ ಮೇಲೆ ಒಂದಿಷ್ಟು ಚಾರ್ಜ್ ಕಟ್ಟಿ ಕಂಪನಿಯ ಹೊಣೆಯನ್ನು ಬರೆಸಿದ ಬೆಲೆಯವರೆಗೆ ಏರಿಸುವುದು. ಇದನ್ನು ಕಟ್ಟಿದ್ದರೆ ನಮ್ಮ ಉದಾಹರಣೆಯಲ್ಲಿ ಪೂರ್ತಿ 6,400 ಕೇಳಬಹುದು. ಸಾವಿರದ ಮಾತೂ ಇಲ್ಲ, ಹತ್ತು ಪಟ್ಟಿನ ಮಾತೂ ಇಲ್ಲ.

ಅಂದಹಾಗೆ, ರಸೀದಿಯಲ್ಲಿ ಓನರ್ಸ್ ರಿಸ್ಕ್ ಅಂತ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಸಾಗಿಸುವವರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಆ ಎರಡು ಪದ ರಕ್ಷಣೆಯಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2000ರಲ್ಲಿ ನಾಥ್ ಬ್ರದರ್ಸ್ ಪ್ರಕರಣದಲ್ಲಿ ಹೇಳಿದೆ.

ಕೌಂಟರ್‌ನಲ್ಲಿ "ಇನ್ಶೂರೆನ್ಸ್" ಅಂದಾಗ ಒಂದು ಪ್ರಶ್ನೆ ಕೇಳಲೇಬೇಕು: ಇದು ನಿಮ್ಮ ಕಂಪನಿಯ ರಿಸ್ಕ್ ಕವರಾ, ವಿಮಾ ಕಂಪನಿಯ ಪಾಲಿಸಿಯಾ? ಮೊದಲನೆಯದಾದರೆ ಕ್ಲೈಮ್ ಹೋಗುವುದು ಕೊರಿಯರ್‌ಗೇ. ಎರಡನೆಯದಾದರೆ ಪಾಲಿಸಿ ನಂಬರ್ ಇರುವ ಪ್ರಮಾಣಪತ್ರ ಕೈಗೆ ಬರಬೇಕು. ಬರದಿದ್ದರೆ ನೀವು ಕಟ್ಟಿದ್ದು ಯಾವುದಕ್ಕೆ ಅಂತಲೇ ಹೇಳಲಾಗುವುದಿಲ್ಲ.

ದಿನಾ ಪಾರ್ಸೆಲ್ ಕಳಿಸುವ ಅಂಗಡಿಯವರು ತಾವೇ ಟ್ರಾನ್ಸಿಟ್ ಪಾಲಿಸಿ, ಅಂದರೆ ಸಾಗಾಣಿಕೆಯ ವಿಮೆ ಮಾಡಿಸಿಕೊಳ್ಳಬಹುದು. ಅಲ್ಲಿ ಹಣ ಪೂರ್ತಿ ಸಿಗುವ ಸಾಧ್ಯತೆ ಜಾಸ್ತಿ, ಕಾಗದಪತ್ರವೂ ಜಾಸ್ತಿ. ನಷ್ಟ ತಿಳಿದ ಕೂಡಲೇ ತಿಳಿಸಬೇಕು, ಸರ್ವೇಯರ್ ನೋಡುವವರೆಗೆ ಸಾಮಾನು ಹಾಗೇ ಇರಬೇಕು. ಬಿಲ್, ಎಲ್‌ಆರ್, ಕ್ಲೈಮ್ ಫಾರ್ಮ್, ಕೊರಿಯರ್‌ಗೆ ಕಳಿಸಿದ ಹಣದ ಕ್ಲೈಮ್ ಪತ್ರದ ಪ್ರತಿ, ನಷ್ಟ ಆಗಿದ್ದು ನಿಜ ಅಂತ ಕೊರಿಯರ್‌ನವರು ಕೊಡುವ ಡ್ಯಾಮೇಜ್ ಅಥವಾ ಶಾರ್ಟೇಜ್ ಸರ್ಟಿಫಿಕೇಟ್, ಇವು ಸಾಮಾನ್ಯವಾಗಿ ಬೇಕು. ಈ ಸರ್ಟಿಫಿಕೇಟ್‌ಗಾಗಿ ಬ್ರಾಂಚ್‌ಗೆ ಓಡಾಡಬೇಕಾಗುತ್ತದೆ. ಕಳ್ಳತನದ ಅನುಮಾನ ಇದ್ದರೆ ಪೊಲೀಸ್ ದೂರಿನ ಪ್ರತಿಯನ್ನೂ ಕೇಳಬಹುದು.

ವಿಮೆ ಇರುವವರು ಒಂದು ಎಚ್ಚರ ವಹಿಸಬೇಕು. ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ, ಕೊರಿಯರ್‌ನಿಂದ ವಸೂಲಿ ಮಾಡುವ ನಿಮ್ಮ ಹಕ್ಕನ್ನು ತಾನು ತಗೊಳ್ಳುತ್ತದೆ. ಅದಕ್ಕಿಂತ ಮೊದಲೇ ನೀವು ಕೊರಿಯರ್ ಕೊಟ್ಟ ಸಾವಿರ ತಗೊಂಡು "ಇನ್ನೇನೂ ಬಾಕಿ ಇಲ್ಲ" ಅಂತ ಬರೆದುಕೊಟ್ಟಿದ್ದರೆ ಆ ಹಕ್ಕೇ ಉಳಿದಿರುವುದಿಲ್ಲ. ಆಗ ವಿಮೆಯವರೂ ಕೈಯೆತ್ತಬಹುದು. ಸಾವಿರಕ್ಕೆ ಆಸೆಪಟ್ಟು ಆರು ಸಾವಿರ ಕಳೆದುಕೊಂಡ ಹಾಗಾಗುತ್ತದೆ.

ಇನ್ನೊಂದು ಮಿತಿ: ಎಷ್ಟು ಚಾರ್ಜ್ ಕಟ್ಟಿದರೂ ನಿಷೇಧಿತ ಪಟ್ಟಿಯಲ್ಲಿರುವುದಕ್ಕೆ ಹಣ ಬರುವುದಿಲ್ಲ. ನಗದು, ಚಿನ್ನ ಬಹುತೇಕ ಎಲ್ಲ ಕೊರಿಯರ್‌ಗಳ ಪಟ್ಟಿಯಲ್ಲೂ ಇರುತ್ತವೆ. ಸೀರೆಯ ಮಡಿಕೆಯಲ್ಲಿ ಮುಯ್ಯಿ ಹಣ ಇಟ್ಟು ಕಳಿಸುವವರು ದಯವಿಟ್ಟು ಗಮನಿಸಿ. ಅದನ್ನು ಕ್ಲೈಮ್‌ನಲ್ಲಿ ಬರೆದರೆ ಸೀರೆಯ ಹಣಕ್ಕೂ ಕುತ್ತು.

ಅಂಚೆಯಲ್ಲಿ ಕಳಿಸಿದ್ದರೆ

ಮೇಲೆ ಹೇಳಿದ ರಸ್ತೆ ಸಾಗಾಣಿಕೆ ಕಾಯ್ದೆ ಸರ್ಕಾರಕ್ಕೆ ಅನ್ವಯಿಸುವುದಿಲ್ಲ. ಅಂಚೆ ಇಲಾಖೆಗೆ ತನ್ನದೇ ನಿಯಮ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದರೆ ಅಥವಾ ಒಡೆದರೆ ಬಹಳ ಕಾಲದಿಂದ ನಡೆದುಬಂದ ಪರಿಹಾರ, ಕಟ್ಟಿದ ಚಾರ್ಜಿನ ಎರಡು ಪಟ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಕಡಿಮೆ ಇರುವುದು. ಅದೇ ಸೀರೆಗೆ 250 ರೂಪಾಯಿ ಚಾರ್ಜ್ ಆಗಿದ್ದರೆ ಸಿಗುವುದು 500. ಆಯೋಗಕ್ಕೆ ಹೋದರೂ ಕಷ್ಟವೇ. ಹಳೆಯ 1898ರ ಕಾಯ್ದೆಯಲ್ಲೂ ಈಗಿನ 2023ರ ಕಾಯ್ದೆಯಲ್ಲೂ ಇಲಾಖೆಗೆ ಹೊಣೆಯಿಂದ ದೊಡ್ಡ ರಕ್ಷಣೆ ಇದೆ.

ಹಾಗಾಗಿ ಬೆಲೆಬಾಳುವುದನ್ನು ಅಂಚೆಯಲ್ಲಿ ಕಳಿಸುವುದಾದರೆ ವಿಮೆ ಮಾಡಿಸಿಯೇ ಕಳಿಸಿ. ಆಗ ಮಿತಿ ವಿಮೆ ಮಾಡಿಸಿದ ಮೊತ್ತ. ದೂರನ್ನು ಇಲಾಖೆಯ ವೆಬ್‌ಸೈಟ್‌ನಲ್ಲಿ ಅಥವಾ 1800 266 6868ಕ್ಕೆ ಕೊಡಬಹುದು. ಅಲ್ಲಿ ಇತ್ಯರ್ಥವಾಗದಿದ್ದರೆ ಇಲಾಖೆಯೇ ದೂರು ವಿಚಾರಿಸಲು ನಡೆಸುವ ಡಾಕ್ ಅದಾಲತ್‌ಗೆ ಬರೆಯಬಹುದು. ಹಳ್ಳಿಗೂ ತಲುಪುತ್ತದೆ ಅನ್ನುವುದು ಅಂಚೆಯ ದೊಡ್ಡ ಗುಣ. ಪರಿಹಾರದ ದೃಷ್ಟಿಯಿಂದ ಮಾತ್ರ ವಿಮೆಯಿಲ್ಲದ ಸ್ಪೀಡ್ ಪೋಸ್ಟ್ ಈ ಹೋಲಿಕೆಯಲ್ಲಿ ಕೊನೆಯ ಸ್ಥಾನದಲ್ಲಿದೆ.

ಮೂರನೇ ದಾರಿ: 1915, ಆಮೇಲೆ ಗ್ರಾಹಕರ ಆಯೋಗ

ಕಂಪನಿ ಉತ್ತರ ಕೊಡದಿದ್ದರೆ, ಕೊಟ್ಟರೂ ಒಪ್ಪುವಂತಿಲ್ಲದಿದ್ದರೆ ಮೊದಲು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. consumerhelpline.gov.in ನಲ್ಲಿ ಬರೆದೂ ಹಾಕಬಹುದು. ಅವರು ಆದೇಶ ಮಾಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ. ಬ್ರಾಂಚ್‌ನಲ್ಲಿ ಕೊಳೆಯುತ್ತಿದ್ದ ಫೈಲ್ ಮುಖ್ಯ ಕಚೇರಿಯವರ ಕಣ್ಣಿಗೆ ಬೀಳಲು ಇದು ಒಳ್ಳೆಯ ದಾರಿ. ಖರ್ಚಿಲ್ಲ, ಹಾಗಾಗಿ ಎರಡನೇ ಯೋಚನೆ ಬೇಡ.

ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಜನ ಕನ್ಸ್ಯೂಮರ್ ಕೋರ್ಟ್ ಅನ್ನುವುದು ಇದನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. e-jagriti.gov.in ನಲ್ಲಿ ಆನ್‌ಲೈನ್ ಹಾಕಲು ಬರುತ್ತದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಗಡುವು ಎರಡು ವರ್ಷ, ಆದರೆ ಆ 180 ದಿನದ ನೋಟಿಸ್ ಮೊದಲೇ ಹೋಗಿರಲಿ.

ಇಲ್ಲಿ ನಷ್ಟದ ಜೊತೆಗೆ ಬಡ್ಡಿ, ತೊಂದರೆಗೆ ಪರಿಹಾರ, ಖರ್ಚು ಎಲ್ಲ ಕೇಳಬಹುದು. ಬೆಲೆ ತೆರಬೇಕಾದ್ದು ಸಮಯದ ರೂಪದಲ್ಲಿ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೇಲೆ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳಿದರೂ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ.

ಗೆಲುವೂ ಖಚಿತವಲ್ಲ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಜರ್ಮನಿಗೆ ಕಳಿಸಿದ ದಾಖಲೆ ತಲುಪದೆ ಬಟ್ಟೆ ರಫ್ತು ಮಾಡಿದವರಿಗೆ ಲಕ್ಷಗಟ್ಟಲೆ ನಷ್ಟವಾಗಿತ್ತು. ರಸೀದಿಯಲ್ಲಿ ಹೊಣೆ 100 ಡಾಲರ್‌ಗೆ ಸೀಮಿತ ಅಂತಿತ್ತು, ಕಳಿಸಿದವರು ಸಹಿ ಹಾಕಿದ್ದರು. ಸಹಿ ಹಾಕಿದ ಷರತ್ತಿಗೆ ಬದ್ಧರಾಗಿರಬೇಕು ಅಂತ ಕೋರ್ಟ್ ಹೇಳಿತು. ಕಂಪನಿಗಳ ವಕೀಲರು ಇದನ್ನೇ ಮುಂದಿಡುತ್ತಾರೆ. ಆದರೆ ಗ್ರಾಹಕ ಸಹಿಯೇ ಹಾಕದ, ಯಾರೂ ಓದಿ ಹೇಳದ ಸಣ್ಣ ಅಕ್ಷರದ ಷರತ್ತನ್ನು ಆಯೋಗಗಳು ತಳ್ಳಿಹಾಕಿರುವುದೂ ಉಂಟು. ಹಾಗಾಗಿ ರಸೀದಿಯಲ್ಲಿ ನಿಮ್ಮ ಸಹಿ ಇದೆಯಾ ಅಂತ ಈಗಲೇ ತೆಗೆದು ನೋಡಿ. ಇಲ್ಲದಿದ್ದರೆ ನಿಮ್ಮ ಕೈ ಸ್ವಲ್ಪ ಮೇಲಿದೆ.

ವ್ಯಾಪಾರಿಗಳಿಗೆ ಇನ್ನೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು "ಗ್ರಾಹಕ" ಅಲ್ಲ ಅಂತ ಎದುರು ಪಕ್ಷ ತಕರಾರು ತೆಗೆಯುತ್ತದೆ. ಮಗಳಿಗೆ ಸೀರೆ ಕಳಿಸಿದ ತಾಯಿಗೆ ಈ ಚಿಂತೆ ಇಲ್ಲ. ಇಳಕಲ್‌ನ ಅಂಗಡಿಗೆ ಇದೆ. ಜೀವನೋಪಾಯದ ಚಿಕ್ಕ ವ್ಯಾಪಾರ ಅಂತ ವಾದಿಸಬಹುದು, ಆಯೋಗ ಒಪ್ಪುತ್ತದೆ ಅಂತ ಭರವಸೆ ಕೊಡಲಾಗದು. ಒಪ್ಪದಿದ್ದರೆ ಸಿವಿಲ್ ಕೋರ್ಟೇ ಗತಿ, 6,400ಕ್ಕೆ ಅದು ಗಿಟ್ಟುವುದಿಲ್ಲ.

ನಿಮಗೆ ಯಾವುದು

ಕಳೆದದ್ದು ಅಂಕಪಟ್ಟಿ, ಪಾಸ್‌ಪೋರ್ಟ್‌ನಂಥ ಕಾಗದವಾದರೆ ಹಣದ ಹಿಂದೆ ಬೀಳುವ ಮೊದಲು ಪೊಲೀಸರ ಇ-ಲಾಸ್ಟ್ ವರದಿ ಮಾಡಿಸಿ, ಕೊರಿಯರ್‌ನಿಂದ "ಕಳೆದುಹೋಗಿದೆ" ಅಂತ ಪತ್ರ ತಗೊಳ್ಳಿ. ಡೂಪ್ಲಿಕೇಟ್‌ಗೆ ಅರ್ಜಿ ಹಾಕುವಾಗ ಅವು ನೆರವಾಗುತ್ತವೆ.

ನಷ್ಟ ಎರಡು ಮೂರು ಸಾವಿರದೊಳಗಿದ್ದು ರಿಸ್ಕ್ ಚಾರ್ಜ್ ಕಟ್ಟಿರದಿದ್ದರೆ, ಕಂಪನಿಗೆ ಕ್ಲೈಮ್ ಹಾಕಿ, 1915ಕ್ಕೆ ದೂರು ಕೊಡಿ. ಹತ್ತು ಪಟ್ಟಿನ ಹತ್ತಿರ ಬಂದರೆ ಒಪ್ಪಿಕೊಳ್ಳುವುದೇ ಜಾಣತನ ಅಂತ ನನ್ನ ಅಭಿಪ್ರಾಯ. ಇಳಕಲ್‌ನ ಅಂಗಡಿಗೂ ನಾನು ಹೇಳುವುದು ಇದನ್ನೇ. 4,200 ಬಂದರೆ ತಗೊಳ್ಳಿ. ಸಾವಿರಕ್ಕೆ ಮಾತ್ರ ಒಪ್ಪಬೇಡಿ, ತೂಕದ ಪುರಾವೆ ನಿಮ್ಮ ಕಡೆ ಇದೆ.

ನಷ್ಟ ಹತ್ತಾರು ಸಾವಿರ, ಪುರಾವೆ ಗಟ್ಟಿ, ಸಾಮಾನು ಮನೆಬಳಕೆಯದ್ದು ಅಂದರೆ ಆಯೋಗಕ್ಕೆ ಹೋಗಿ. ಪುರಾವೆ ಸಡಿಲವಾಗಿದ್ದರೆ, ಅಂದರೆ ಪಿಒಡಿ ಮೇಲೆ ಸುಮ್ನೆ ಸಹಿ ಬಿದ್ದಿದೆ, ವಿಡಿಯೋ ಇಲ್ಲ, ಬಾಕ್ಸ್ ಎಸೆದಾಗಿದೆ ಅಂತಾದರೆ, ಕಂಪನಿ ಕೊಡಲು ಒಪ್ಪಿದ ಮೊತ್ತವನ್ನು ಇನ್ನೊಂದಿಷ್ಟು ಏರಿಸಲು ನೋಡಿ ಮುಗಿಸಿಕೊಳ್ಳುವುದು ಮೇಲು. ವಿಮೆ ಇದ್ದವರು ಕೊರಿಯರ್‌ಗೆ ಕ್ಲೈಮ್ ಪತ್ರ ಕಳಿಸಿ, ಅಲ್ಲಿ ರಾಜಿಯಾಗದೆ, ನೇರ ವಿಮೆಯ ದಾರಿ ಹಿಡಿಯಿರಿ.

ಕೊನೆಗೆ ಹಣ ಕೊಡುವಾಗ ಕಂಪನಿಯವರು ಒಂದು ವೋಚರ್‌ಗೆ ಸಹಿ ಕೇಳುತ್ತಾರೆ. ಅದರಲ್ಲಿ "ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್" ಅಂತ ಇರುತ್ತದೆ. ಪೂರ್ತಿ ಒಪ್ಪಿಗೆ ಇದ್ದರೆ ಸಹಿ ಮಾಡಿ. ಇಲ್ಲದಿದ್ದರೆ ಆ ಸಾಲನ್ನು ಹೊಡೆದು ಹಾಕಿ, "ಆಕ್ಷೇಪಣೆಯೊಂದಿಗೆ, ಭಾಗಶಃ ಪಾವತಿಯಾಗಿ ಸ್ವೀಕರಿಸಿದ್ದೇನೆ, ಉಳಿದ ರೂ. ____ಕ್ಕೆ ನನ್ನ ಹಕ್ಕು ಕಾಯ್ದಿರಿಸಿದೆ" ಅಂತ ಬರೆದು, ದಿನಾಂಕ ಹಾಕಿ ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆ ಬರೆದರೆ ಹಣ ಕೊಡುವುದಿಲ್ಲ ಅಂದರೆ, ಅದನ್ನೂ ಇಮೇಲ್‌ನಲ್ಲಿ ಬರೆದು ಕಳಿಸಲು ಅವರಿಗೆ ಹೇಳಿ.